'ನನಗೇನೂ ತೊಂದರೆ ಇಲ್ಲ, ಆದರೂ ವೀರ್ಯ ಪರೀಕ್ಷೆ ಬೇಕೇ?'

ಪ್ರಶ್ನೆ: ಮದುವೆಯಾಗಿ ಎರಡು ವರ್ಷ, ಇನ್ನೂ ಮಕ್ಕಳಾಗಿಲ್ಲ. ನನಗೆ 33, ಹೆಂಡತಿಗೆ 29. ಅವಳ ಸ್ಕ್ಯಾನಿಂಗ್, ಥೈರಾಯ್ಡ್ ಎಲ್ಲ ನಾರ್ಮಲ್. ಮುಟ್ಟು 34 ದಿನಕ್ಕೊಮ್ಮೆ ತಪ್ಪದೆ ಬರುತ್ತದೆ. ಆದರೆ 21ನೇ ದಿನದ ರಕ್ತಪರೀಕ್ಷೆ ನೋಡಿ 'ಅಂಡಾಣು ಬಿಡುಗಡೆ ಆಗುತ್ತಿಲ್ಲ' ಎಂದಿದ್ದಾರೆ. ಈಗ ನನಗೂ ವೀರ್ಯ ಪರೀಕ್ಷೆ ಮಾಡಿಸಿ ಎನ್ನುತ್ತಿದ್ದಾರೆ. ನನಗೆ ಲೈಂಗಿಕವಾಗಿ ಯಾವ ತೊಂದರೆಯೂ ಇಲ್ಲ, ವೀರ್ಯವೂ ಗಟ್ಟಿಯಾಗಿದೆ. ಪರೀಕ್ಷೆ ಬೇಕೇ?

ಉತ್ತರ: ಬೇಕು. ನಿಜ ಹೇಳಬೇಕೆಂದರೆ ಅದೇ ಮೊದಲು ಆಗಬೇಕಿತ್ತು. ಹೆಸರು, ಊರು, ವಯಸ್ಸು ಬದಲಾಗುತ್ತವೆ, ಈ ಪ್ರಶ್ನೆಯ ಕೊನೆಯ ಎರಡು ಸಾಲು ಮಾತ್ರ ಎಂದೂ ಬದಲಾಗುವುದಿಲ್ಲ. ಹಾಗಾಗಿ ಮತ್ತೊಮ್ಮೆ, ಸ್ವಲ್ಪ ವಿವರವಾಗಿಯೇ.

ಗಡಸುತನ ಚೆನ್ನಾಗಿದೆ, ವೀರ್ಯ ಹೊರಬರುತ್ತದೆ, ಗಟ್ಟಿಯಾಗಿಯೂ ಇದೆ ಎಂದರೆ ವೀರ್ಯಾಣುಗಳೂ ಸರಿಯಾಗಿವೆ ಎಂದು ಅರ್ಥವಲ್ಲ. ಕಣ್ಣಿಗೆ ಕಾಣುವ ವೀರ್ಯದ ಬಹುಪಾಲು ದ್ರವ ಬರುವುದು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಯಿಂದ. ವೃಷಣದಿಂದ ವೀರ್ಯಾಣು ಹೊತ್ತು ಬರುವ ಪಾಲು ಶೇ. 5ರ ಆಸುಪಾಸು. ನಂಬಿಕೆಯಾಗದಿದ್ದರೆ ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೇ ನೋಡಿ. ಅದರಲ್ಲಿ ವೀರ್ಯಾಣು ಸಾಗುವ ನಾಳವನ್ನು ಕತ್ತರಿಸಿ ಕಟ್ಟುತ್ತಾರೆ. ಕೆಲವು ತಿಂಗಳ ನಂತರ ಪರೀಕ್ಷಿಸಿದರೆ ವೀರ್ಯಾಣು ಸೊನ್ನೆ. ಆದರೆ ಆ ಮನುಷ್ಯನಿಗೆ ವೀರ್ಯದ ಪ್ರಮಾಣದಲ್ಲಾಗಲಿ, ಬಣ್ಣದಲ್ಲಾಗಲಿ, ಸುಖದಲ್ಲಾಗಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಸೊನ್ನೆಯನ್ನೇ ಕಣ್ಣು ಗುರುತಿಸದಿದ್ದ ಮೇಲೆ, ಕಡಿಮೆ ಇರುವುದನ್ನು ಹೇಗೆ ಗುರುತಿಸೀತು?

ಇದಕ್ಕಿಂತ ವಿಚಿತ್ರವಾದದ್ದು ಜಿಮ್‌ನ ಟೆಸ್ಟೋಸ್ಟೆರಾನ್ ಇಂಜೆಕ್ಷನ್. ಮೈ ಕಟ್ಟುಮಸ್ತಾಗುತ್ತದೆ, ಆಸಕ್ತಿಯೂ ಹೆಚ್ಚಬಹುದು. ಆದರೆ ಹೊರಗಿನಿಂದ ಹಾರ್ಮೋನ್ ಬರುತ್ತಿದೆ ಎಂದು ತಿಳಿದ ಮೆದುಳು ವೃಷಣಕ್ಕೆ ಕಳಿಸುವ ಸಂಕೇತವನ್ನೇ ನಿಲ್ಲಿಸುತ್ತದೆ, ವೀರ್ಯಾಣು ತಯಾರಿ ಕುಸಿಯುತ್ತದೆ. ಹೊರನೋಟಕ್ಕೆ 'ಗಂಡಸುತನ' ಏರುತ್ತಿರುವಾಗಲೇ ಒಳಗೆ ಎಣಿಕೆ ಸೊನ್ನೆಗೆ ಇಳಿದಿರಬಹುದು. ನಿಲ್ಲಿಸಿದ ಮೇಲೂ ಚೇತರಿಕೆಗೆ ತಿಂಗಳುಗಟ್ಟಲೆ ಬೇಕು. ಇಂಥದ್ದು ತೆಗೆದುಕೊಂಡಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಅಂಶವೂ ಇರುತ್ತದೆ, ಒಂಟಿಯಾಗಿಯೋ ಹೆಣ್ಣಿನ ಕಾರಣದ ಜೊತೆಗೋ. ಹೆಂಡತಿಯ ಗರ್ಭನಾಳಕ್ಕೆ ಡೈ ಹಾಕಿ ಎಕ್ಸ್‌ರೇ ತೆಗೆಯುವ ಪರೀಕ್ಷೆ ನೋವಿನದು. ನಿಮ್ಮದಕ್ಕೆ ಸೂಜಿಯೂ ಚುಚ್ಚುವುದಿಲ್ಲ. ಯಾವುದು ಮೊದಲಾಗಬೇಕು ಎಂದು ನೀವೇ ಹೇಳಿ.

ಸ್ಯಾಂಪಲ್ ಕೊಡುವಾಗ ಆಗುವ ತಪ್ಪುಗಳಿಂದಲೇ ಎಷ್ಟೋ ರಿಪೋರ್ಟ್ ಕೆಡುತ್ತವೆ. ಕಡೆಯ ಸ್ಖಲನವಾಗಿ ಕನಿಷ್ಠ 2 ದಿನ, ಹೆಚ್ಚೆಂದರೆ 7 ದಿನ ಆಗಿರಬೇಕು. 'ಚೆನ್ನಾಗಿ ಕೂಡಲಿ' ಎಂದು ಹದಿನೈದು ದಿನ ತಡೆದರೆ ಎಣಿಕೆ ಏರಬಹುದು, ಚಲನೆ ಕುಗ್ಗುತ್ತದೆ. ಲ್ಯಾಬ್ ಕೊಡುವ ಅಗಲ ಬಾಯಿಯ ಡಬ್ಬಿಯಲ್ಲೇ, ಹಸ್ತಮೈಥುನದಿಂದಲೇ ತೆಗೆಯಬೇಕು. ಎಣ್ಣೆ, ಸೋಪು, ಎಂಜಲು ತಾಕಬಾರದು. ಮಾಮೂಲಿ ಕಾಂಡೋಮ್‌ನಲ್ಲಿ ಹಿಡಿದು ತರಬೇಡಿ, ಅದರಲ್ಲಿ ವೀರ್ಯಾಣುಗಳು ಸಾಯುತ್ತವೆ. ವೀರ್ಯಾಣು ಹೆಚ್ಚಿರುವುದು ಮೊದಲ ಹನಿಗಳಲ್ಲಿ. ಅವು ಡಬ್ಬಿಯ ಹೊರಗೆ ಬಿದ್ದರೆ ನಾಚದೆ ಲ್ಯಾಬಿನವರಿಗೆ ಹೇಳಿ, ಇಲ್ಲದಿದ್ದರೆ ಇಲ್ಲದ ಕಾಯಿಲೆ ರಿಪೋರ್ಟ್‌ನಲ್ಲಿ ಕಾಣುತ್ತದೆ. ಲ್ಯಾಬಿನಲ್ಲೇ ಕೊಡುವುದು ಒಳ್ಳೆಯದು. ಮನೆಯಿಂದ ತರುವುದಾದರೆ ಅರ್ಧ ಗಂಟೆಯಲ್ಲಿ, ತೀರಾ ತಡವಾದರೂ ಒಂದು ಗಂಟೆಯೊಳಗೆ ತಲುಪಿಸಬೇಕು, ಡಬ್ಬಿಯನ್ನು ಅಂಗಿಯೊಳಗೆ ಮೈಗೆ ತಾಗುವಂತೆ ಇಟ್ಟುಕೊಂಡು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಇದು ಆಗುವ ಮಾತಲ್ಲ.

ರಿಪೋರ್ಟ್ ಕೈಗೆ ಬಂದಾಗ ಹೋಲಿಸಲು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಮಿತಿಗಳಿವೆ: ಪ್ರಮಾಣ 1.4 ಮಿ.ಲೀ., ಪ್ರತಿ ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಒಟ್ಟು 3.9 ಕೋಟಿ, ಮುಂದಕ್ಕೆ ಈಜುವಂಥವು ಶೇ. 30, ಸರಿಯಾದ ಆಕಾರದವು ಶೇ. 4. ಕೊನೆಯದನ್ನು ನೋಡಿ ಗಾಬರಿಯಾಗುವವರೇ ಹೆಚ್ಚು. ನೂರರಲ್ಲಿ ನಾಲ್ಕು ಸರಿಯಿದ್ದರೂ ಅದು ಮಿತಿಯೊಳಗೇ. ಇವು ಪಾಸು–ಫೇಲಿನ ಗೆರೆಗಳೂ ಅಲ್ಲ. ಪ್ರಯತ್ನ ಶುರುಮಾಡಿದ ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರಲ್ಲೇ ನೂರಕ್ಕೆ ಐದು ಮಂದಿ ಪ್ರತಿಯೊಂದು ಮಿತಿಗಿಂತ ಕೆಳಗಿದ್ದರು.

ಉದಾಹರಣೆಗೆ, 2.5 ಮಿ.ಲೀ. ವೀರ್ಯ, ಪ್ರತಿ ಮಿ.ಲೀ.ಗೆ 90 ಲಕ್ಷ ಎಂದು ಬಂತು ಎನ್ನಿ. ಒಟ್ಟು 2.25 ಕೋಟಿ, ಅಂದರೆ ಕಡಿಮೆ. ಆಗ ಕೇಳಬೇಕಾದ ಮೊದಲ ಮಾತು: ಕಳೆದ ಮೂರು ತಿಂಗಳಲ್ಲಿ ಡೆಂಗಿಯಂಥ ಜೋರು ಜ್ವರ ಬಂದಿತ್ತೇ? ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು. ಹಾಗಾಗಿ ಇಂದಿನ ರಿಪೋರ್ಟ್ ಅಂದಿನ ಜ್ವರದ ಲೆಕ್ಕ ಹೇಳುತ್ತಿರಬಹುದು. ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ. ಆಗಲೂ ಕಡಿಮೆಯಿದ್ದರೆ ಹಾರ್ಮೋನ್ ಪರೀಕ್ಷೆ, ಜೊತೆಗೆ ವೃಷಣದ ರಕ್ತನಾಳ ಊದಿದೆಯೇ ಎಂದು ಕೈಯಿಂದ ಮುಟ್ಟಿ ನೋಡುವ ತಪಾಸಣೆ. ಸೊನ್ನೆ ಬಂದರೆ ಮಾತ್ರ ಮೂರು ತಿಂಗಳು ಕಾಯದೆ ತಜ್ಞರನ್ನು ನೋಡಬೇಕು. ಒಂದೇ ರಿಪೋರ್ಟ್ ಹಿಡಿದು 'ಕೌಂಟ್ ಹೆಚ್ಚಿಸುವ' ಪುಡಿ ಕೊಳ್ಳುವುದು ದುಡ್ಡು ಕಳೆಯುವ ದಾರಿ.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದು ಆ 21ನೇ ದಿನದ ಪರೀಕ್ಷೆಯ ವಿಷಯ. ಅಂಡಾಣು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಹಿಂದಿನ ಮುಟ್ಟಿನಿಂದ ಎಣಿಸಿದ 14ನೇ ದಿನವಲ್ಲ. ನಿಮ್ಮ ಪತ್ನಿಯ 34 ದಿನದ ಚಕ್ರದಲ್ಲಿ ಅದು 20ನೇ ದಿನದ ಸುಮಾರಿಗೆ. ಆ ರಕ್ತಪರೀಕ್ಷೆ ಅಳೆಯುವ ಪ್ರೊಜೆಸ್ಟರಾನ್ ಹಾರ್ಮೋನ್ ಶಿಖರ ಮುಟ್ಟುವುದು ಅದಾಗಿ ಒಂದು ವಾರಕ್ಕೆ, ಅಂದರೆ 27ನೇ ದಿನ. 21ರಂದು ರಕ್ತ ತೆಗೆದರೆ ಹಾರ್ಮೋನ್ ಇನ್ನೂ ಏರಲು ಶುರುವಾಗಿರುತ್ತದಷ್ಟೆ, ಕಡಿಮೆ ಬರದೆ ಇನ್ನೇನು? '21ನೇ ದಿನ' ಎಂಬುದು 28 ದಿನದ ಚಕ್ರದ ಲೆಕ್ಕ. 27ರಂದು ಮತ್ತೆ ಮಾಡಿಸಿ, ಅಲ್ಲಿಯವರೆಗೆ ಅಂಡಾಣು ಬಿಡಿಸುವ ಮಾತ್ರೆಗೆ ಆತುರ ಬೇಡ.

ಅಂಡಾಣು ಬಿಡುಗಡೆಯ ಸಮಯವನ್ನು ಮನೆಯಲ್ಲೇ ನೋಡಬೇಕೆಂದರೆ ಮೂತ್ರ ಪರೀಕ್ಷಿಸುವ ಓವ್ಯುಲೇಷನ್ ಕಿಟ್‌ ಅನ್ನು 17ನೇ ದಿನದಿಂದ ದಿನಕ್ಕೊಮ್ಮೆ ಬಳಸಲಿ. ಇದು ಪ್ರೆಗ್ನೆನ್ಸಿ ಕಿಟ್‌ನಂತಲ್ಲ, ಎರಡು ಗೆರೆ ಬಂದರೆ ಸಾಲದು. ಪರೀಕ್ಷೆಯ ಗೆರೆ ಪಕ್ಕದ ಗೆರೆಯಷ್ಟೇ ಗಾಢವಾಗಿರಬೇಕು, ಇಲ್ಲವೇ ಅದಕ್ಕಿಂತ ಗಾಢವಾಗಿರಬೇಕು. ಆಮೇಲೆ ಒಂದು–ಒಂದೂವರೆ ದಿನದಲ್ಲಿ ಅಂಡಾಣು ಬಿಡುಗಡೆ. ಪಿಸಿಒಎಸ್ ಇರುವವರಲ್ಲಿ ಈ ಕಿಟ್ ಸುಳ್ಳು ಹೇಳುವುದುಂಟು. ಅಂಡಾಣು ಬದುಕುವುದು ಒಂದು ದಿನದೊಳಗೆ, ವೀರ್ಯಾಣು ಐದು ದಿನದವರೆಗೂ ಕಾದಿರಬಲ್ಲದು. ಆದ್ದರಿಂದ ಗೆರೆಗಾಗಿ ಕಾಯದೆ ಎರಡು ಮೂರು ದಿನಕ್ಕೊಮ್ಮೆ ಸೇರಿದರೆ ಕಿಟ್ ಇಲ್ಲದೆಯೂ ನಡೆಯುತ್ತದೆ.

ಇನ್ನು 'ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ ಡಾಕ್ಟರನ್ನು ನೋಡಿ' ಎನ್ನುತ್ತಾರಲ್ಲ, ಆ ವರ್ಷವನ್ನು ಎಣಿಸುವುದು ಮದುವೆಯ ತಾರೀಖಿನಿಂದಲ್ಲ, ಗರ್ಭನಿರೋಧಕವಿಲ್ಲದೆ ನಿಯಮಿತವಾಗಿ ಸೇರಲು ಶುರುಮಾಡಿದ ದಿನದಿಂದ. ಗಂಡ ದುಬೈನಲ್ಲಿದ್ದು ವರ್ಷಕ್ಕೊಂದು ತಿಂಗಳು ರಜೆಗೆ ಬರುತ್ತಿದ್ದರೆ ಐದು ವರ್ಷದ ದಾಂಪತ್ಯದಲ್ಲೂ ಎಣಿಕೆಗೆ ಸಿಗುವುದು ಐದೇ ತಿಂಗಳು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳು ಸಾಕು, 40 ದಾಟಿದ್ದರೆ ಕಾಯುವುದೇ ಬೇಡ. ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ, ಗರ್ಭಕೋಶದ ಒಳಪದರದಂಥ ಪದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇದ್ದರೆ, ಹಿಂದೆ ಹೊಟ್ಟೆಯ ಟಿಬಿ ಅಥವಾ ಗರ್ಭನಾಳದ ಸೋಂಕು ಆಗಿದ್ದರೆ, ಗಂಡನಿಗೆ ಚಿಕ್ಕಂದಿನಲ್ಲಿ ವೃಷಣ ಕೆಳಗಿಳಿದಿರದಿದ್ದರೆ, ಯಾರಿಗಾದರೂ ಕ್ಯಾನ್ಸರ್ ಚಿಕಿತ್ಸೆ ಆಗಿದ್ದರೆ ವಯಸ್ಸು ಎಷ್ಟೇ ಇರಲಿ ಮೊದಲೇ ಹೋಗಿ. ನಿಮ್ಮಿಬ್ಬರದು ಒಟ್ಟಿಗೆ ಇದ್ದ ಎರಡು ವರ್ಷವಾದರೆ ಸಮಯ ಮೀರಿದೆ. ಇಬ್ಬರೂ ಹೋಗಿ, ಕಳೆದ ಆರು ಮುಟ್ಟಿನ ತಾರೀಖು ಬರೆದ ಚೀಟಿ, ನಿಮ್ಮ ವೀರ್ಯದ ರಿಪೋರ್ಟ್ ಎರಡೂ ಕೈಯಲ್ಲಿರಲಿ.