ಬೇಳೆ ನಿಲ್ಲಿಸುವ ಮುಂಚೆ ಅಳೆಯಬೇಕಾದ್ದು: ಕಿಡ್ನಿ ಕಾಯಿಲೆಯ ಊಟದ ಹಿಂದಿನ ಕಥೆ

ಕಿಡ್ನಿ ಕಾಯಿಲೆ ಅಂತ ಗೊತ್ತಾದ ಕೂಡಲೇ ಮನೆಗೆ ಒಂದು ಪಟ್ಟಿ ಬರುತ್ತದೆ. ಬೇಳೆ ಬೇಡ, ಹಾಲು ಬೇಡ, ಬಾಳೆಹಣ್ಣು ಬೇಡ, ಸೊಪ್ಪು ಬೇಡ, ರಾಗಿ ಬೇಡ. ಇಷ್ಟೆಲ್ಲ ತೆಗೆದ ಮೇಲೆ ತಟ್ಟೆಯಲ್ಲಿ ಉಳಿಯೋದು ಅನ್ನ ಮತ್ತು ತಿಳಿಸಾರು. ಡಯಾಲಿಸಿಸ್ ಇನ್ನೂ ದೂರ ಇರುವಾಗಲೇ ಮನುಷ್ಯ ಸೊರಗಿ ಹೋಗುತ್ತಾನೆ. ಈ ಪಟ್ಟಿಯ ಮೂಲ ಅರವತ್ತು ವರ್ಷಗಳ ಹಿಂದಿನ ಇಟಲಿಯಲ್ಲಿದೆ. ಅಲ್ಲಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ ಅದರ ಅರ್ಧ ಭಾಗ ಕಳೆದುಹೋಗಿದೆ.

1960ರ ದಶಕದ ಶುರುವಿನಲ್ಲಿ ಡಯಾಲಿಸಿಸ್ ಬೆರಳೆಣಿಕೆಯ ಊರುಗಳಲ್ಲಿ ಮಾತ್ರ ಸಿಗುತ್ತಿತ್ತು. ಉಳಿದವರಿಗೆ ವಾಂತಿ, ತುರಿಕೆ, ಮಂಪರು, ಆಮೇಲೆ ಸಾವು. 1963ರಲ್ಲಿ ಇಟಲಿಯ ವೈದ್ಯ ಕಾರ್ಮೆಲೊ ಜಿಯೋರ್ಡಾನೊ, 1964ರಲ್ಲಿ ಪೀಸಾದ ಸೆರ್ಜಿಯೋ ಜಿಯೋವನ್ನೆಟ್ಟಿ ಮತ್ತು ಮಾಜ್ಜೋರೆ ಒಂದು ದಾರಿ ತೋರಿಸಿದರು. ದಿನಕ್ಕೆ ಸುಮಾರು 20 ಗ್ರಾಂ ಪ್ರೋಟೀನ್ ಮಾತ್ರ, ಅದೂ ಮೊಟ್ಟೆಯಂಥ ಉತ್ತಮ ಗುಣಮಟ್ಟದ್ದು. ರೋಗಿಗಳ ವಾಕರಿಕೆ ಇಳಿಯಿತು, ಕೆಲವರು ಎದ್ದು ಓಡಾಡಿದರು. ಆದರೆ ಆ ಊಟದಲ್ಲಿ ಇನ್ನೊಂದು ಭಾಗವೂ ಇತ್ತು. ಪ್ರೋಟೀನ್ ತೆಗೆದ ಪಿಷ್ಟದ ಪಾಸ್ತಾ, ಎಣ್ಣೆ, ಸಕ್ಕರೆ ಎಲ್ಲ ಸೇರಿಸಿ ಕ್ಯಾಲೊರಿ ತುಂಬಿಸುತ್ತಿದ್ದರು. ಶಕ್ತಿ ಸಾಲದೇ ಹೋದರೆ ದೇಹ ತನ್ನದೇ ಮಾಂಸಖಂಡ ಕರಗಿಸಿ ಉರಿಸುತ್ತದೆ, ಅದರಿಂದ ಪ್ರೋಟೀನಿನ ಕಸವಾದ ಯೂರಿಯಾ ಮತ್ತೆ ಹುಟ್ಟುತ್ತದೆ. ನಮ್ಮ ಪಟ್ಟಿಗಳಲ್ಲಿ ಕಳೆದುಹೋಗಿದ್ದು ಈ ಭಾಗವೇ.

1982ರಲ್ಲಿ ಬ್ರೆನ್ನರ್ ಮತ್ತು ಜೊತೆಗಾರರು ಇನ್ನೊಂದು ಕಾರಣ ಕೊಟ್ಟರು. ಪ್ರೋಟೀನ್ ಜಾಸ್ತಿಯಾದರೆ ಕಿಡ್ನಿಯಲ್ಲಿ ಉಳಿದಿರುವ ಸೋಸುವ ಘಟಕಗಳ ಮೇಲೆ ಒತ್ತಡ ಏರಿ ಅವೂ ಹಾಳಾಗುತ್ತವೆ ಅಂತ. ಹಾಗಾಗಿ ಕಡಿಮೆ ಪ್ರೋಟೀನ್ ಬರೀ ಲಕ್ಷಣ ತಗ್ಗಿಸುವ ಉಪಾಯವಾಗಿ ಉಳಿಯಲಿಲ್ಲ, ಕಿಡ್ನಿ ಉಳಿಸುವ ಚಿಕಿತ್ಸೆ ಅನ್ನಿಸಿಕೊಂಡಿತು. ಇದನ್ನು ಪರೀಕ್ಷಿಸಲು ಅಮೆರಿಕದಲ್ಲಿ ಎಂಡಿಆರ್‌ಡಿ ಎಂಬ ದೊಡ್ಡ ಅಧ್ಯಯನ ನಡೆಯಿತು. 840 ಜನರಿದ್ದ ಅದರ ಫಲಿತಾಂಶ 1994ರಲ್ಲಿ ಬಂತು. ಎಲ್ಲರೂ ಕಾದಷ್ಟು ಲಾಭ ಕಾಣಲಿಲ್ಲ. ಇದ್ದರೂ ಸಣ್ಣದು. ನನಗೆ ಮುಖ್ಯ ಅನಿಸುವುದು ಅದರ ಇನ್ನೊಂದು ಮಾಹಿತಿ: ಪಥ್ಯತಜ್ಞರು ಬೆನ್ನಿಗೇ ನಿಂತಿದ್ದರೂ ಕಡಿಮೆ ಪ್ರೋಟೀನ್ ಗುಂಪಿನವರ ಒಟ್ಟು ಊಟ ಕುಸಿದಿತ್ತು, ತೂಕವೂ ಸ್ವಲ್ಪ ಇಳಿದಿತ್ತು. ಅಷ್ಟು ನಿಗಾ ಇದ್ದಲ್ಲೇ ಹೀಗಾದರೆ, ಒಂದು ಚೀಟಿ ಕೊಟ್ಟು ಕಳಿಸಿದವರ ಗತಿ ಏನು?

ಆ ಅಧ್ಯಯನ ಬಳಸಿದ ಅಳತೆಯ ವಿಧಾನ ಮಾತ್ರ ಇವತ್ತಿಗೂ ಚಿನ್ನದಂಥದ್ದು, ನಮ್ಮಲ್ಲಿ ಯಾಕೋ ಬಳಕೆ ಕಡಿಮೆ. ತಿಂದ ಪ್ರೋಟೀನಿನ ಸಾರಜನಕ ಹೆಚ್ಚಾಗಿ ಮೂತ್ರದಲ್ಲಿ ಯೂರಿಯಾ ಆಗಿ ಹೊರಗೆ ಹೋಗುತ್ತದೆ. 24 ಗಂಟೆಯ ಮೂತ್ರ ಕೂಡಿಟ್ಟು ಯೂರಿಯಾ ಅಳೆದರೆ ಎಷ್ಟು ಪ್ರೋಟೀನ್ ಬಳಕೆಯಾಗಿದೆ ಅಂತ ಲೆಕ್ಕ ಸಿಗುತ್ತದೆ. 1985ರಲ್ಲಿ ಮರೋನಿ ಮತ್ತು ಜೊತೆಗಾರರು ಇದರ ಸೂತ್ರ ಕೊಟ್ಟರು.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. 60 ಕೆಜಿ ತೂಕದ, ಸಕ್ಕರೆ ಕಾಯಿಲೆ ಇಲ್ಲದ ರೈತ, ಕಿಡ್ನಿ ಸೋಸುವ ಶಕ್ತಿಯನ್ನು ಹೇಳುವ ಇಜಿಎಫ್‌ಆರ್ 22. ಆರು ತಿಂಗಳ ಹಿಂದೆ 66 ಕೆಜಿ ಇದ್ದರು, ಕಾಲಲ್ಲಿ ಊತ ಇಲ್ಲ. ಪೊಟ್ಯಾಸಿಯಂ 5.7, ಫಾಸ್ಫೇಟ್ 5.1, ಬೈಕಾರ್ಬನೇಟ್ 17. ಮೂತ್ರದಲ್ಲಿ ದಿನಕ್ಕೆ 9.6 ಗ್ರಾಂ ಯೂರಿಯಾ. ಸೂತ್ರಕ್ಕೆ ಬೇಕಾದ್ದು ಯೂರಿಯಾದಲ್ಲಿರುವ ಸಾರಜನಕ, ಹಾಗಾಗಿ 2.14ರಿಂದ ಭಾಗಿಸಬೇಕು. ಇಲ್ಲಿ ತಪ್ಪಿದರೆ ಉತ್ತರ ಪೂರ್ತಿ ಕೆಡುತ್ತದೆ. ಬರುವುದು 4.5 ಗ್ರಾಂ. ಮಲ, ಚರ್ಮದ ಮೂಲಕ ಹೋಗುವುದಕ್ಕೆ ತೂಕದ ಪ್ರತಿ ಕೆಜಿಗೆ 0.031 ಗ್ರಾಂ, ಅಂದರೆ 1.86 ಗ್ರಾಂ ಸೇರಿಸಿ 6.25ರಿಂದ ಗುಣಿಸಿ. ಸುಮಾರು 40 ಗ್ರಾಂ ಪ್ರೋಟೀನ್, ಕೆಜಿಗೆ 0.66.

ಅಂದರೆ ಅವರು ಆಗಲೇ ಕಡಿಮೆ ಪ್ರೋಟೀನಿನಲ್ಲಿದ್ದಾರೆ! ಇನ್ನೂ ಬೇಳೆ ಕಡಿಮೆ ಮಾಡಿ ಅನ್ನೋದರಲ್ಲಿ ಅರ್ಥ ಇಲ್ಲ. ಮೂರು ದಿನ ಏನು ತಿಂದಿರಿ ಅಂತ ಕೂತು ಕೇಳಿದಾಗ 30 ಗ್ರಾಂ ಪ್ರೋಟೀನ್, 1,200 ಕ್ಯಾಲೊರಿ ಸಿಕ್ಕಿತು ಅಂದುಕೊಳ್ಳಿ. ಅವರಿಗೆ ಬೇಕಾದ್ದು 1,800ರ ಆಸುಪಾಸು. ತಿಂದದ್ದು 30, ಮೂತ್ರ ಹೇಳುವುದು 40. ಒಂದೋ ತಿಂದದ್ದನ್ನು ಪೂರ್ತಿ ಹೇಳಿಲ್ಲ, ಇಲ್ಲವೇ ಮಿಕ್ಕಿದ್ದು ಅವರ ತೋಳು ತೊಡೆಯಿಂದಲೇ ಬರುತ್ತಿದೆ. ಆರು ಕೆಜಿ ಇಳಿದಿರುವಾಗ ಎರಡನೆಯದನ್ನೇ ಮೊದಲು ಅನುಮಾನಿಸಬೇಕು, ಅಲ್ವಾ? ಒಂದು ಎಚ್ಚರಿಕೆ: ಮೂತ್ರ ಪೂರ್ತಿ ಸಂಗ್ರಹವಾಗದಿದ್ದರೆ ಲೆಕ್ಕ ಕಡಿಮೆ ಬರುತ್ತದೆ. ಜ್ವರ ಇರುವಾಗ ಅಥವಾ ರಕ್ತದ ಯೂರಿಯಾ ದಿನದಿಂದ ದಿನಕ್ಕೆ ಬದಲಾಗುತ್ತಿರುವಾಗ ಈ ಸೂತ್ರವನ್ನು ನಂಬಬಾರದು.

ಇನ್ನು ಪೊಟ್ಯಾಸಿಯಂ. 5.7 ಅಂದ ಕೂಡಲೇ ತರಕಾರಿ ಮೇಲೆ ಕಣ್ಣು ಹೋಗುತ್ತದೆ. ಆದರೆ ಬೈಕಾರ್ಬನೇಟ್ 17 ಇದೆ, ಅಂದರೆ ರಕ್ತದಲ್ಲಿ ಆಮ್ಲ ಜಾಸ್ತಿ. ಅದೇ ಪೊಟ್ಯಾಸಿಯಂ ಏರಿಸುತ್ತದೆ, ಮಾಂಸಖಂಡವನ್ನೂ ಕರಗಿಸುತ್ತದೆ. ವೈದ್ಯರು ಬೈಕಾರ್ಬನೇಟ್ ಮಾತ್ರೆ ಕೊಟ್ಟು ಸರಿಪಡಿಸಬಹುದು. ಬಿಪಿಯ ಕೆಲವು ಮಾತ್ರೆಗಳು, ಮಲಬದ್ಧತೆ, ದಿನಾ ಕುಡಿಯುವ ಎಳನೀರು ಇವನ್ನೂ ಕೇಳಬೇಕು. ಬಿಪಿ ಮಾತ್ರೆಯನ್ನು ತಾನಾಗಿ ನಿಲ್ಲಿಸಬಾರದು, ಅದು ವೈದ್ಯರ ತೀರ್ಮಾನ. ಎಲ್ಲಕ್ಕಿಂತ ಮೊದಲು ಅಡುಗೆಮನೆಯ ಉಪ್ಪಿನ ಪ್ಯಾಕೆಟ್ ನೋಡಿ. ಸೋಡಿಯಂ ಕಡಿಮೆ ಅಂತ ಮಾರುವ ಉಪ್ಪಿನಲ್ಲಿ ಆ ಜಾಗಕ್ಕೆ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಆಮೇಲೆ ತರಕಾರಿ. ಸಣ್ಣಗೆ ಹೆಚ್ಚಿ ಜಾಸ್ತಿ ನೀರಲ್ಲಿ ಬೇಯಿಸಿ ಬಸಿದರೆ ಸಾಕಷ್ಟು ಪೊಟ್ಯಾಸಿಯಂ ನೀರಿಗೆ ಬರುತ್ತದೆ. ನಮ್ಮ ಬಸ್ಸಾರಿನ ವಿಷಯ ಇಲ್ಲೇ ಬರೋದು: ಸೊಪ್ಪು, ಕಾಳು ಬಸಿದ ನೀರನ್ನೇ ಸಾರು ಮಾಡುತ್ತೇವೆ. ಈ ರೋಗಿ ಪಲ್ಯ ತಿನ್ನಬಹುದು, ಸಾರು ಬಿಡಬೇಕು.

ಫಾಸ್ಫೇಟಿನ ಲೆಕ್ಕವೂ 2011ರಿಂದೀಚೆಗೆ ಬದಲಾಯಿತು. ಆ ವರ್ಷ ಮೋ ಮತ್ತು ಜೊತೆಗಾರರು ಒಂಬತ್ತೇ ರೋಗಿಗಳಿಗೆ ಒಂದು ವಾರ ಮಾಂಸದ ಊಟ, ಇನ್ನೊಂದು ವಾರ ಸಸ್ಯಾಹಾರ ಕೊಟ್ಟರು. ಎರಡರಲ್ಲೂ ಫಾಸ್ಫರಸ್ ಹೆಚ್ಚುಕಮ್ಮಿ ಒಂದೇ. ಆದರೂ ಸಸ್ಯಾಹಾರದ ವಾರ ರಕ್ತದ ಫಾಸ್ಫೇಟ್ ಕಡಿಮೆ ಇತ್ತು. ಕಾಳು, ಬೇಳೆಯ ಫಾಸ್ಫರಸ್ ಬಹುಪಾಲು ಫೈಟೇಟ್ ರೂಪದಲ್ಲಿರುತ್ತದೆ, ನಮ್ಮ ಕರುಳು ಅದನ್ನು ಪೂರ್ತಿ ಹೀರಿಕೊಳ್ಳಲಾರದು. ಅಧ್ಯಯನ ಸಣ್ಣದು ನಿಜ, ಆದರೆ ಬೇಳೆಗೆ ಹೆದರುವ ಕಾರಣ ಕಡಿಮೆಯಾಯಿತು. ಕೋಲಾ, ಸಂಸ್ಕರಿಸಿದ ಚೀಸ್, ಕೆಲವು ಪ್ಯಾಕೆಟ್ ಮಾಂಸದಲ್ಲಿ ಬೆರೆಸುವ ಫಾಸ್ಫೇಟ್ ಮಾತ್ರ ಹೆಚ್ಚುಕಮ್ಮಿ ಪೂರ್ತಿ ರಕ್ತಕ್ಕೆ ಸೇರುತ್ತದೆ. ಲೇಬಲ್ಲಿನಲ್ಲಿ 338ರಿಂದ 341, 450ರಿಂದ 452 ಸಂಖ್ಯೆ ಕಂಡರೆ ಅದೇ.

ಹಾಗಾದರೆ ನಮ್ಮ ರೈತರ ತಟ್ಟೆ? ದಿನಕ್ಕೆ 30 ಗ್ರಾಂ ತೊಗರಿಬೇಳೆ ಇರಲಿ, ನೆನೆಸಿ ನೀರು ಚೆಲ್ಲಿ ಬೇಯಿಸಿದ್ದು. ಅದರಲ್ಲಿ ಆರೇಳು ಗ್ರಾಂ ಪ್ರೋಟೀನ್ ಇದೆ. ಒಂದು ಮೊಟ್ಟೆಯ ಬಿಳಿ ಭಾಗ ಸೇರಿಸಬಹುದು. ರಾಗಿಯಲ್ಲಿ ಅಕ್ಕಿಯ ನಾಲ್ಕು ಪಟ್ಟು ಪೊಟ್ಯಾಸಿಯಂ ಇರುವುದರಿಂದ ಪೊಟ್ಯಾಸಿಯಂ ಇಳಿಯುವವರೆಗೆ ಮುದ್ದೆ ಚಿಕ್ಕದಾಗಲಿ. ಕ್ಯಾಲೊರಿ ಕೊರತೆಯನ್ನು ಅನ್ನ, ಎಣ್ಣೆ, ಸಬ್ಬಕ್ಕಿಯಿಂದ ತುಂಬಬೇಕು. ಸಬ್ಬಕ್ಕಿಯಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ, ಹೆಚ್ಚುಕಮ್ಮಿ ಆ ಇಟಲಿಯ ಪಾಸ್ತಾದ ಕೆಲಸವನ್ನೇ ಮಾಡುತ್ತದೆ.

ಎಷ್ಟು ಪ್ರೋಟೀನ್ ಸರಿ ಅನ್ನೋದರಲ್ಲಿ ತಜ್ಞರೇ ಒಮ್ಮತಕ್ಕೆ ಬಂದಿಲ್ಲ. ಅಮೆರಿಕದ 2020ರ ಕೆಡಿಒಕ್ಯುಐ ಮಾರ್ಗಸೂಚಿ ಸಕ್ಕರೆ ಕಾಯಿಲೆ ಇಲ್ಲದವರಿಗೆ ಕೆಜಿಗೆ 0.55ರಿಂದ 0.60 ಗ್ರಾಂ ಅನ್ನುತ್ತದೆ, 2024ರ ಅಂತರರಾಷ್ಟ್ರೀಯ ಮಾರ್ಗಸೂಚಿ ಕೆಡಿಐಜಿಒ 0.8 ಅನ್ನುತ್ತದೆ. ನಿಶ್ಶಕ್ತರಾದ, ಮಾಂಸಖಂಡ ಕಳೆದುಕೊಂಡ ವಯಸ್ಸಾದವರಿಗೆ ಜಾಸ್ತಿ ಪ್ರೋಟೀನ್, ಜಾಸ್ತಿ ಕ್ಯಾಲೊರಿಯ ಗುರಿ ಇಡಬಹುದು ಅಂತಲೂ ಎರಡನೆಯದು ಹೇಳುತ್ತದೆ. ತೂಕ ಇಳಿಯುತ್ತಿರುವಾಗ 0.8ರ ಕಡೆಗೆ ವಾಲುವುದೇ ಸರಿ ಅಂತ ನನ್ನ ಅಭಿಪ್ರಾಯ.

ಪೊಟ್ಯಾಸಿಯಂ, ಬೈಕಾರ್ಬನೇಟ್ ಬೇಗ, ವೈದ್ಯರು ಹೇಳಿದ ದಿನವೇ ಮತ್ತೆ ನೋಡಬೇಕು. ತೂಕ, ಕೈಹಿಡಿತದ ಬಲ, ತೋಳಿನ ಸುತ್ತಳತೆ ಪ್ರತಿ ಭೇಟಿಯಲ್ಲೂ. ರಕ್ತದ ಆಲ್ಬುಮಿನ್ ಎಂಬ ಪ್ರೋಟೀನ್ ಒಂದನ್ನೇ ನಂಬಬೇಡಿ, ಸೋಂಕು, ಉರಿಯೂತ ಇದ್ದರೂ ಅದು ಇಳಿಯುತ್ತದೆ. ಕ್ರಿಯಾಟಿನಿನ್ ಕೂಡ ಹಾಗೇ, ಅದು ಹುಟ್ಟೋದೇ ಮಾಂಸಖಂಡದಿಂದ. ಮುಂದಿನ ರಿಪೋರ್ಟಿನಲ್ಲಿ 3.1 ಇದ್ದದ್ದು 2.7 ಆಗಿ, ಜೊತೆಗೆ ತೂಕ 57ಕ್ಕೆ ಇಳಿದಿದ್ದರೆ ಕಿಡ್ನಿ ಸುಧಾರಿಸಿತು ಅಂತ ಖುಷಿಪಡುವ ಹಾಗಿಲ್ಲ. ಕರಗಿದ್ದು ಮಾಂಸಖಂಡ ಇರಬಹುದು, ಆ ದಿನವೇ ಊಟದ ಲೆಕ್ಕ ಮತ್ತೆ ಮಾಡಬೇಕು.