ಒಂದೇ ಡಬ್ಬಿ, ಎರಡು ಬಗೆಯ ಸೆಲ್

1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಸೆಲ್ಲನ್ನು ಮಾರುಕಟ್ಟೆಗೆ ತಂದಾಗ, ಅದರೊಳಗೆ ಅಯಾನುಗಳನ್ನು ಸಾಗಿಸುವ ದ್ರವವಾದ ಎಲೆಕ್ಟ್ರೊಲೈಟೇ ದೊಡ್ಡ ತೊಡಕಾಗಿತ್ತು. ಕಾರಿನ ಬ್ಯಾಟರಿಯ ಆಮ್ಲಕ್ಕಿಂತ ಇದರ ವಾಹಕತೆ ಹತ್ತಾರು ಪಟ್ಟು ಕಡಿಮೆ. ಹಾಗಾಗಿ ಲೋಹದ ಹಾಳೆಯ ಮೇಲೆ ಸಕ್ರಿಯ ಪುಡಿಯನ್ನು ತೆಳ್ಳಗೆ ಬಳಿದು, ಉದ್ದನೆಯ ಪಟ್ಟಿಯನ್ನು ಸುರುಳಿ ಸುತ್ತಬೇಕಾಯಿತು. ಕ್ಯಾಸೆಟ್ ಟೇಪ್ ತಯಾರಿಸಿ ಪಳಗಿದ್ದ ಸೋನಿಗೆ ತೆಳು ಲೇಪನ ಹೊಸದೇನಲ್ಲ.

ಆಮೇಲೆ ಲ್ಯಾಪ್‌ಟಾಪ್‌ಗಳು ಬಂದವು. ಅವು ಕೇಳಿದ್ದು ಹೆಚ್ಚು ಹೊತ್ತು ಬಾಳುವ ಚಾರ್ಜ್. ತಯಾರಕರು ಲೇಪನವನ್ನು ದಪ್ಪ ಮಾಡುತ್ತ, ರೋಲರ್‌ನಡಿ ಒತ್ತಿ ಬಿಗಿಮಾಡುತ್ತ ಹೋದರು. 2005ರಲ್ಲಿ ಮಿಲ್ವಾಕಿ ಕಂಪನಿ 28 ವೋಲ್ಟಿನ ಲಿಥಿಯಂ ಡ್ರಿಲ್ ತಂದಾಗ ಬೇಡಿಕೆ ತಿರುಗಿತು. ಡ್ರಿಲ್‌ಗೆ ಬೇಕಿದ್ದು ಹತ್ತಾರು ಆಂಪಿಯರ್ ಕರೆಂಟು. ಹೆಚ್ಚು ಕರೆಂಟು ಕೊಡುವ ಪವರ್ ಸೆಲ್, ಹೆಚ್ಚು ಚಾರ್ಜ್ ಹಿಡಿಯುವ ಎನರ್ಜಿ ಸೆಲ್ ಎಂಬ ಎರಡು ದಾರಿ ಇಲ್ಲಿಂದ ಸ್ಪಷ್ಟವಾಗಿ ಕವಲೊಡೆದವು.

18 ಮಿ.ಮೀ. ಅಗಲ, 65 ಮಿ.ಮೀ. ಎತ್ತರದ 18650 ಡಬ್ಬಿಯಲ್ಲಿ ಒಂದು ಅಂದಾಜು ಲೆಕ್ಕ ಹಾಕೋಣ. ಹಾಳೆಯ ಒಂದೊಂದು ಬದಿಗೂ ಋಣ ಧ್ರುವವಾದ ಆನೋಡ್ 80 ಮೈಕ್ರಾನ್, ಧನ ಧ್ರುವವಾದ ಕ್ಯಾಥೋಡ್ 70 ಮೈಕ್ರಾನ್ ಬಳಿದರೆ, ತಾಮ್ರ, ಅಲ್ಯೂಮಿನಿಯಂ ಹಾಳೆಗಳು, ಎರಡು ಧ್ರುವಗಳನ್ನು ಬೇರ್ಪಡಿಸುವ ಸೆಪರೇಟರ್ ಪೊರೆ ಸೇರಿ ಒಂದು ಸುತ್ತಿನ ದಪ್ಪ ಸುಮಾರು 357 ಮೈಕ್ರಾನ್. ಅದರಲ್ಲಿ ಶಕ್ತಿ ಹಿಡಿದಿಡುವ ಲೇಪನದ ಪಾಲು 84 ಶೇಕಡಾ. ಲೇಪನವನ್ನು ಅರ್ಧಕ್ಕಿಳಿಸಿದರೆ ಸುತ್ತು 207 ಮೈಕ್ರಾನ್ ಆಗುತ್ತದೆ, ಅದೇ ಡಬ್ಬಿಯಲ್ಲಿ ಪಟ್ಟಿ 1.7 ಪಟ್ಟು ಉದ್ದವಾಗುತ್ತದೆ. ಆದರೆ ಹಾಳೆ, ಸೆಪರೇಟರ್ ತೆಳ್ಳಗಾಗುವುದಿಲ್ಲ, ಹಾಗಾಗಿ ಲೇಪನದ ಪಾಲು 72 ಶೇಕಡಾಕ್ಕೆ ಇಳಿಯುತ್ತದೆ. ಕಳೆದುಹೋದ ಸಾಮರ್ಥ್ಯ ಇಲ್ಲಿದೆ.

ಅದಕ್ಕೆ ಪ್ರತಿಯಾಗಿ ಸಿಗುವುದು ಎರಡು. ಅಷ್ಟೇ ಕರೆಂಟು ಹೆಚ್ಚು ವಿಸ್ತಾರಕ್ಕೆ ಹಂಚಿಹೋಗುತ್ತದೆ. ಜೊತೆಗೆ, ಅಯಾನು ಲೇಪನದ ರಂಧ್ರಗಳೊಳಗೆ ಹರಡಲು ಹಿಡಿಯುವ ಕಾಲ ದಪ್ಪದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ: ದಪ್ಪ ಅರ್ಧವಾದರೆ ಕಾಲ ಕಾಲುಭಾಗ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಈ ವರ್ಗದ ನಿಯಮವೇ. ಪವರ್ ಸೆಲ್‌ನಲ್ಲಿ ರಂಧ್ರಗಳನ್ನೂ ಹೆಚ್ಚು ಬಿಡುತ್ತಾರೆ, ಅದರಿಂದ ಸಾಮರ್ಥ್ಯ ಇನ್ನಷ್ಟು ಇಳಿಯುತ್ತದೆ. ಅಂಗಡಿಯಲ್ಲಿ ಸಿಗುವ 18650 ಎನರ್ಜಿ ಸೆಲ್ ಸುಮಾರು 3.4 ಆಂಪಿಯರ್-ಅವರ್ ಹಿಡಿದು ಏಳೆಂಟು ಆಂಪಿಯರ್‌ಗೆ ಸುಸ್ತಾಗುತ್ತದೆ. ಪವರ್ ಸೆಲ್ 2.5 ಆಂಪಿಯರ್-ಅವರ್ ಹಿಡಿದು 20 ಆಂಪಿಯರ್ ಕೊಡಬಲ್ಲದು.

ದಪ್ಪ ಎಲೆಕ್ಟ್ರೋಡಿನಿಂದ ವೇಗವಾಗಿ ಕರೆಂಟು ಎಳೆದಾಗ, ಕ್ಯಾಥೋಡಿನ ಆಳದಲ್ಲಿ, ಹಾಳೆಯ ಬಳಿ, ಎಲೆಕ್ಟ್ರೊಲೈಟ್‌ನಲ್ಲಿ ಲಿಥಿಯಂ ಬರಿದಾಗುತ್ತದೆ. ಅಲ್ಲಿನ ಪುಡಿಯಲ್ಲಿ ಇನ್ನೂ ಜಾಗವಿದ್ದರೂ ವೋಲ್ಟೇಜ್ ಕುಸಿದು ಉಪಕರಣ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ವೋಲ್ಟೇಜ್ ಮೇಲೇರಿ, ನಿಧಾನವಾಗಿ ಎಳೆದರೆ ಉಳಿದ ಚಾರ್ಜ್ ಹೊರಬರುತ್ತದೆ. ಸೆಲ್ ಸತ್ತಿಲ್ಲ, ಅಯಾನು ತಲುಪಿರಲಿಲ್ಲ ಎಂದು ಗೊತ್ತಾಗುವುದು ಹೀಗೆಯೇ.

ವೇಗದ ಚಾರ್ಜಿಂಗ್‌ನಲ್ಲಾಗುವ ಹಾನಿ ಮಾತ್ರ ಇಷ್ಟು ಸುಲಭಕ್ಕೆ ಸರಿಹೋಗದು. ದಪ್ಪ ಆನೋಡಿನ ಒಳಪದರಕ್ಕೆ ಅಯಾನು ಮುಟ್ಟುವ ಮೊದಲೇ, ಸೆಪರೇಟರ್ ಕಡೆಯ ಮೇಲ್ಮೈಯಲ್ಲಿ ಲಿಥಿಯಂ ಲೋಹವಾಗಿ ಕೂರುತ್ತದೆ. ಅದರಲ್ಲಿ ಒಂದಷ್ಟು ಮತ್ತೆ ಬಳಕೆಗೆ ಬರುವುದೇ ಇಲ್ಲ. ಚಳಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು, ಯಾಕೆಂದರೆ ಅಯಾನುಗಳ ಓಡಾಟವೇ ಆಗ ಮಂದವಾಗಿರುತ್ತದೆ.