ಹಳೆಯ ಬ್ರೋಚ್‌ನ ಹಿಂಬದಿ ಏನು ಹೇಳುತ್ತದೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಹೂವಿನ ಆಕಾರದ ಒಂದು ಹಳೆಯ ಚಿನ್ನದ ಬ್ರೋಚ್ ಇದೆ. ನಡುವೆ ಒಂದು ವಜ್ರ, ಸುತ್ತ ನಾಲ್ಕು ಕೆಂಪು. ಹಿಂಬದಿಯಲ್ಲಿ 15, .625, ಒಂದು ಲಂಗರಿನ ಗುರುತು, ಇನ್ನೊಂದು ಸವೆದು ಹೋದ ಅಕ್ಷರ ಇವೆ. ಕೊಂಡಿ ಮಾತ್ರ ತಿರುಗಿಸಿ ಲಾಕ್ ಮಾಡುವಂಥದ್ದು, ಹೊಸದರ ಹಾಗೆ ಕಾಣುತ್ತದೆ. ಇದು ನಿಜವಾಗಿಯೂ ನೂರು ವರ್ಷ ಹಳೆಯದಾ? ವಯಸ್ಸು ಕಂಡುಹಿಡಿಯುವುದು ಹೇಗೆ?

ಉತ್ತರ: ನೂರು ವರ್ಷ ದಾಟಿರುವ ಸಾಧ್ಯತೆಯೇ ಜಾಸ್ತಿ. ಆದರೆ ಇಡೀ ಬ್ರೋಚ್‌ಗೆ ಒಂದೇ ವಯಸ್ಸು ಇಲ್ಲ. ನೀವು ಕಳಿಸಿದ ಫೋಟೊಗಳಲ್ಲಿ ಕನಿಷ್ಠ ಮೂರು ಕಾಲದ ಕೆಲಸ ಕಾಣುತ್ತಿದೆ. ಒಂದೊಂದಾಗಿ ನೋಡೋಣ.

ಮೊದಲು ಠಸ್ಸೆ, ಏಕೆಂದರೆ ನಿಮ್ಮ ಒಡವೆಯಲ್ಲಿ ಅತಿ ಗಟ್ಟಿಯಾದ ಸಾಕ್ಷಿ ಅದೇ. ಕ್ಯಾರೆಟ್ ಅಂದರೆ 24 ಪಾಲಿನಲ್ಲಿ ಎಷ್ಟು ಪಾಲು ಅಪ್ಪಟ ಚಿನ್ನ ಎಂಬ ಲೆಕ್ಕ. 15 ಅನ್ನು 24ರಿಂದ ಭಾಗಿಸಿದರೆ .625 ಬರುತ್ತದೆ. ಅಂದರೆ ಎರಡು ಅಂಕಿಗಳೂ ಒಂದೇ ಮಾತು ಹೇಳುತ್ತಿವೆ. ಲಂಗರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಕಚೇರಿಯ ಗುರುತು. ಬ್ರಿಟನ್ನಿನಲ್ಲಿ 15, 12 ಮತ್ತು 9 ಕ್ಯಾರೆಟ್ ಚಿನ್ನಕ್ಕೆ ಅಧಿಕೃತ ಠಸ್ಸೆ ಹಾಕಲು ಶುರು ಮಾಡಿದ್ದು 1854ರಲ್ಲಿ. 1932ರಲ್ಲಿ 15 ಮತ್ತು 12 ಎರಡನ್ನೂ ಕೈಬಿಟ್ಟು, ಅವುಗಳ ಜಾಗಕ್ಕೆ 14 ಕ್ಯಾರೆಟ್ ತಂದರು. ಹಾಗಾಗಿ ಠಸ್ಸೆ ಅಸಲಿಯಾಗಿದ್ದರೆ ಬ್ರೋಚ್‌ನ ಮೈ 1854ಕ್ಕಿಂತ ಹಿಂದಿನದಲ್ಲ, 1932ರ ನಂತರದ್ದೂ ಅಲ್ಲ. ಒಂದೇ ಅಂಕಿಯಿಂದ ಎರಡೂ ಕಡೆ ಬೇಲಿ ಸಿಕ್ಕಿತು ನೋಡಿ. ಎಲ್ಲ ಅಂಕಿಗಳೂ ಇಷ್ಟು ಉಪಕಾರ ಮಾಡುವುದಿಲ್ಲ. ನಿಮ್ಮ ಬ್ರೋಚ್ ಮೇಲೆ ಬರೀ 18 ಎಂದಿದ್ದರೆ ನಾವು ಸುಮ್ನೆ ತಲೆ ಕೆರೆದುಕೊಳ್ಳಬೇಕಿತ್ತು, ಏಕೆಂದರೆ ಬ್ರಿಟನ್ನಿನಲ್ಲಿ 18 ಕ್ಯಾರೆಟ್ 1798ರಿಂದ ಇವತ್ತಿನವರೆಗೂ ನಡೆದು ಬಂದಿದೆ.

ಅಂಕಿಯ ಮುಂದಿನ ಚುಕ್ಕೆಯನ್ನೂ ಗಮನಿಸಿ. ಹಳೆಯ ಬ್ರಿಟಿಷ್ ಕ್ರಮದಲ್ಲಿ ಕಡಿಮೆ ಮಟ್ಟದ ಚಿನ್ನಕ್ಕೆ ಕ್ಯಾರೆಟ್ ಅಂಕಿ, ಅದರ ಜೊತೆಗೆ ಚುಕ್ಕೆ ಇಟ್ಟ ದಶಮಾಂಶ, ಹೀಗೆ ಎರಡನ್ನೂ ಹೊಡೆಯುತ್ತಿದ್ದರು. 1975ರಿಂದ ಚುಕ್ಕೆಯಿಲ್ಲದ 375, 750 ಎಂಬಂಥ ಮೂರಂಕಿ ಬಂತು. 9 ಕ್ಯಾರೆಟ್ ಒಡವೆ ನೋಡುವಾಗ ಈ ಚುಕ್ಕೆ ತುಂಬಾ ಕೆಲಸಕ್ಕೆ ಬರುತ್ತದೆ.

ಸವೆದ ಆ ಅಕ್ಷರ ಓದಲು ಸಿಕ್ಕಿದ್ದರೆ ಇಷ್ಟೆಲ್ಲ ಪತ್ತೇದಾರಿಕೆ ಬೇಕಿರಲಿಲ್ಲ. ಅದು ವರ್ಷದ ಅಕ್ಷರ. ಪರೀಕ್ಷಾ ಕಚೇರಿ ಪ್ರತಿ ವರ್ಷ ಅಕ್ಷರ ಬದಲಿಸುತ್ತಿತ್ತು, ವರ್ಣಮಾಲೆ ಮುಗಿದರೆ ಬೇರೆ ಶೈಲಿಯ ಅಕ್ಷರದಿಂದ ಮತ್ತೆ ಶುರು ಮಾಡುತ್ತಿತ್ತು. ಆದ್ದರಿಂದ ಬರೀ "ಅದು ಕೆ" ಎಂದು ತಿಳಿದರೆ ಸಾಲದು. ದೊಡ್ಡಕ್ಷರವೋ ಚಿಕ್ಕಕ್ಷರವೋ, ಬಾಲವಿದೆಯೋ ಇಲ್ಲವೋ, ಸುತ್ತಲಿನ ಚೌಕಟ್ಟು ಯಾವ ಆಕಾರದ್ದು, ಇಷ್ಟನ್ನೂ ಕೂಡಿಸಿ ಅದೇ ಕಚೇರಿಯ ಪಟ್ಟಿಯ ಜೊತೆ ತಾಳೆ ನೋಡಬೇಕು. ಬರ್ಮಿಂಗ್‌ಹ್ಯಾಮ್‌ನ ಅಕ್ಷರವನ್ನು ಲಂಡನ್ನಿನ ಪಟ್ಟಿಯಲ್ಲಿ ಹುಡುಕಿ ತಪ್ಪು ವರ್ಷ ಹೇಳುವವರು ಬಹಳ ಮಂದಿ.

ಠಸ್ಸೆ ಎಲ್ಲಿದೆ ಎಂಬುದೂ ಮುಖ್ಯ. ಸೂಜಿಯ ಮೇಲಿದ್ದರೆ ಅದು ಸೂಜಿಯ ವಯಸ್ಸನ್ನಷ್ಟೇ ಹೇಳುತ್ತದೆ, ಸೂಜಿ ಬದಲಾಗಿರಬಹುದು ಅಲ್ವಾ? ನಿಮ್ಮದರಲ್ಲಿ ಅದು ಹೂವಿನ ಹಿಂಬದಿಯ ತಗಡಿನ ಮೇಲೇ ಇದೆ. ನೆಮ್ಮದಿ.

ಈಗ ವಜ್ರ. ನಿಮ್ಮ ಫೋಟೊದಲ್ಲಿ ಅದು ಪೂರ್ತಿ ದುಂಡಗಿಲ್ಲ, ಮೂಲೆ ಉಜ್ಜಿದ ಚೌಕದ ಹಾಗೆ, ಪುಟ್ಟ ದಿಂಬಿನ ಹಾಗೆ ಇದೆ. ಮೇಲಿನ ಚಪ್ಪಟೆ ಭಾಗ ಚಿಕ್ಕದು, ತಲೆ ಎತ್ತರ. ನೇರ ಮೇಲಿನಿಂದ ನೋಡಿದರೆ ನಟ್ಟ ನಡುವೆ ಸೂಜಿಯಲ್ಲಿ ಚುಚ್ಚಿದ ತೂತಿನಂಥ ಕಪ್ಪು ಚುಕ್ಕೆ ಕಾಣುತ್ತದೆ. ಅದು ತೂತಲ್ಲ. ವಜ್ರದ ಕೆಳತುದಿಯನ್ನು ಚೂಪಾಗಿ ಬಿಡದೆ ಸ್ವಲ್ಪ ಚಪ್ಪಟೆ ಮಾಡಿದ್ದು. ಇದನ್ನು ಓಲ್ಡ್ ಮೈನ್ ಕಟ್ ಎನ್ನುತ್ತಾರೆ. ಕಚ್ಚಾ ವಜ್ರ ಸಾಮಾನ್ಯವಾಗಿ ಎರಡು ಪಿರಮಿಡ್ಡುಗಳನ್ನು ಬುಡಕ್ಕೆ ಬುಡ ಅಂಟಿಸಿದ ಆಕಾರದಲ್ಲಿರುತ್ತದೆ. ಕೈಯಿಂದ ಉಜ್ಜುವವರು ಕಲ್ಲು ಹೆಚ್ಚು ಪೋಲಾಗದಿರಲಿ ಎಂದು ಆ ಚೌಕಾಕಾರವನ್ನೇ ಉಳಿಸಿಕೊಳ್ಳುತ್ತಿದ್ದರು. 1870ರ ದಶಕದಲ್ಲಿ ವಜ್ರದ ಅಂಚನ್ನು ದುಂಡಗೆ ಮಾಡುವ ಯಂತ್ರ ಬಂದ ಮೇಲೆ ದುಂಡನೆಯ ಕಟ್ ನಿಧಾನವಾಗಿ ಹೆಚ್ಚಿತು. ಇವತ್ತಿನ ವಜ್ರಗಳ ಲೆಕ್ಕಾಚಾರ ಮಾರ್ಸೆಲ್ ಟೋಲ್ಕೋವ್ಸ್ಕಿ 1919ರಲ್ಲಿ ಪ್ರಕಟಿಸಿದ ಅಳತೆಗಳಿಂದ ಬೆಳೆದದ್ದು.

ಹಾಗಾದರೆ ವಜ್ರ ನೋಡಿ ಬ್ರೋಚ್ ಹಳೆಯದು ಎಂದುಬಿಡಬಹುದಾ? ಇಲ್ಲ. ವಜ್ರಕ್ಕೆ ಸವೆತ ಕಡಿಮೆ, ಬೆಲೆ ಜಾಸ್ತಿ. ಚಿನ್ನ ಕರಗಿಸಿದರೂ ವಜ್ರವನ್ನು ತೆಗೆದಿಟ್ಟು ಬೇರೆ ಒಡವೆಗೆ ಕೂರಿಸುತ್ತಾರೆ. ಹಳೆಯ ಕಲ್ಲು ಹೊಸ ಒಡವೆಯಲ್ಲಿ ಇರುವುದು ತೀರಾ ಮಾಮೂಲಿ. ಉಲ್ಟಾ ಸಾಕ್ಷಿ ಮಾತ್ರ ಗಟ್ಟಿ: ಒಡವೆ ಹುಟ್ಟಿದಾಗಲೇ ಕೂರಿಸಿದ ಕಲ್ಲು ಆಧುನಿಕ ಕಟ್‌ನದ್ದಾಗಿದ್ದರೆ, ಆ ಒಡವೆ ಹಳೆಯದಾಗಿರಲು ಸಾಧ್ಯವಿಲ್ಲ.

ಕಲ್ಲಿಗಿಂತ ಅದು ಕೂತ ಮನೆ ಹೆಚ್ಚು ನಂಬಿಕೆಗೆ ಅರ್ಹ. ನಿಮ್ಮ ವಜ್ರದ ಸುತ್ತಲಿನ ಅಂಚು ಬೂದು ಬಣ್ಣಕ್ಕೆ ತಿರುಗಿ, ಸಂದುಗಳಲ್ಲಿ ಕಪ್ಪಾಗಿದೆ. ಅದು ಕೊಳೆಯಲ್ಲ, ಬೆಳ್ಳಿ. ಹಳದಿ ಚಿನ್ನದಲ್ಲಿ ಕೂರಿಸಿದರೆ ವಜ್ರಕ್ಕೂ ಹಳದಿ ಛಾಯೆ ಬರುತ್ತದೆಂದು ಆಗಿನವರು ವಜ್ರದ ಮನೆಯನ್ನು ಬೆಳ್ಳಿಯಲ್ಲಿ ಮಾಡಿ, ಹಿಂಬದಿಗೆ ಚಿನ್ನ ಕೊಡುತ್ತಿದ್ದರು. ಬೆಳ್ಳಿ ಬಟ್ಟೆಗೆ ಕಪ್ಪು ಹತ್ತಿಸುತ್ತದೆ, ಚಿನ್ನ ಹತ್ತಿಸುವುದಿಲ್ಲ. 1900ರ ಆಸುಪಾಸಿನಿಂದ ಈ ಕೆಲಸಕ್ಕೆ ಪ್ಲಾಟಿನಂ ಬಂತು. ಅದು ಗಟ್ಟಿ, ಕಪ್ಪಾಗುವುದಿಲ್ಲ, ತೆಳ್ಳಗೆ ಎಳೆದರೂ ಹರಳನ್ನು ಹಿಡಿದುಕೊಳ್ಳುತ್ತದೆ. ಅದು ಬಂದ ಮೇಲೆ ಬೆಳ್ಳಿ ಬೇಗ ಹಿಂದೆ ಸರಿಯಿತು. ಆದ್ದರಿಂದ ಬೆಳ್ಳಿಯ ಮನೆ ನಿಮ್ಮ ಬ್ರೋಚನ್ನು 1932ರ ಕಡೆಯಿಂದ ಎಳೆದು 1900ರ ಆಸುಪಾಸಿಗೋ ಅದಕ್ಕಿಂತ ಹಿಂದಕ್ಕೋ ತರುತ್ತದೆ. ಇದು ಠಸ್ಸೆಯಂಥ ಕಾನೂನಲ್ಲ, ರೂಢಿ. ಹಳೇ ಪದ್ಧತಿಯನ್ನೇ ಹಿಡಿದುಕೊಂಡ ಕೆಲಸಗಾರರು ಎಲ್ಲ ಕಾಲದಲ್ಲೂ ಇರುತ್ತಾರೆ.

ಕೆಂಪು ಹರಳುಗಳಲ್ಲಿ ಒಂದು ಸ್ವಾರಸ್ಯ ಇದೆ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್‌ನಲ್ಲಿ ನೋಡಿದಾಗ ಎರಡರಲ್ಲಿ "ಗ್ರಾಮಫೋನ್ ತಟ್ಟೆಯ ಗೀರುಗಳಂಥ ಬಾಗಿದ ಗೆರೆ" ಇವೆ ಎಂದು ಬರೆದಿದ್ದೀರಿ. ಅಚ್ಚುಕಟ್ಟಾದ ಗಮನಿಕೆ. ಅವು ಭೂಮಿಯಲ್ಲಿ ಬೆಳೆದ ಕೆಂಪಲ್ಲ, ಕುಲುಮೆಯಲ್ಲಿ ಬೆಳೆದದ್ದು. ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಹನಿ ಹನಿಯಾಗಿ ಬೆಳೆಸುವ ಈ ವಿಧಾನವನ್ನು ಫ್ರಾನ್ಸಿನ ಆಗಸ್ಟ್ ವೆರ್ನ್ಯೂಯಿ 1902ರಲ್ಲಿ ಹೊರಗೆ ತಂದರು. ಕರಗಿದ ಪದರಗಳು ಬುಗುಟಾಗಿ ಕೂರುವುದರಿಂದ ಗೆರೆಗಳು ಬಾಗುತ್ತವೆ. ನೈಸರ್ಗಿಕ ಕೆಂಪಿನಲ್ಲಿ ಬೆಳವಣಿಗೆಯ ಗೆರೆಗಳು ನೇರವಾಗಿ, ಕೋನ ಹಾಕಿಕೊಂಡು ಹೋಗುತ್ತವೆ.

ಅಂದರೆ ಆ ಎರಡು ಹರಳು 1902ಕ್ಕಿಂತ ಹಿಂದಿನವಲ್ಲ. ಬೆಳ್ಳಿಯ ಮನೆಯೋ 1900ರ ಹಿಂದಕ್ಕೆ ಕೈ ತೋರಿಸುತ್ತಿದೆ. ಯಾವುದನ್ನು ನಂಬುವುದು?

ಇಂಥ ತಕರಾರಿನಲ್ಲಿ ಹರಳನ್ನು ಬಿಟ್ಟು ಅದನ್ನು ಹಿಡಿದ ಚಿನ್ನದ ಅಂಚನ್ನು ನೋಡಬೇಕು. ನೈಸರ್ಗಿಕ ಹರಳುಗಳ ಸುತ್ತಲಿನ ಅಂಚು ನಯವಾಗಿ, ಒಂದೇ ದಪ್ಪಕ್ಕೆ ಸವೆದಿದೆ. ಉಳಿದೆರಡರ ಅಂಚು ಸೊಟ್ಟಗಿದೆ, ಒಂದು ಕಡೆ ಉಪಕರಣ ಜಾರಿದ ಗೀರಿದೆ, ಒಂದು ಹರಳಂತೂ ಮನೆಗಿಂತ ಚಿಕ್ಕದಾಗಿ ವಾಲಿಕೊಂಡಿದೆ. ಅಂಚನ್ನು ಬಿಚ್ಚಿ ಮತ್ತೆ ಒತ್ತಿದ ಗುರುತು ಇದು. ಎರಡು ಹರಳು ಬಿದ್ದುಹೋಗಿವೆ, 1902ರ ನಂತರ ಯಾರೋ ಬದಲಿ ಹಾಕಿಸಿದ್ದಾರೆ. ನಾಲ್ಕೂ ಹರಳು ಕುಲುಮೆಯವಾಗಿದ್ದು, ನಾಲ್ಕೂ ಅಂಚು ನಯವಾಗಿ ಸವೆದಿದ್ದರೆ ನನ್ನ ತೀರ್ಪು ಬೇರೆಯಾಗುತ್ತಿತ್ತು: ಬ್ರೋಚೇ 1902ರಿಂದ 1932ರ ನಡುವಿನದು ಎನ್ನುತ್ತಿದ್ದೆ.

ಕೊನೆಗೆ ಕೊಂಡಿ. ನಾನೂ ಹಿಂದೊಮ್ಮೆ ಕೊಂಡಿ ನೋಡಿಯೇ ಒಂದು ಒಡವೆಗೆ ವಯಸ್ಸು ಕಟ್ಟಿ ಪೇಚಿಗೆ ಸಿಕ್ಕಿದ್ದೆ. ಒಡವೆಯಲ್ಲಿ ಮೊದಲು ಮುರಿಯುವುದೇ ಕೊಂಡಿ, ಹಾಗಾಗಿ ಮೊದಲು ಬದಲಾಗುವುದೂ ಅದೇ. 19ನೇ ಶತಮಾನದ ಬ್ರೋಚ್‌ಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿದ ಬರಿಯ ಕೊಕ್ಕೆ ಇರುತ್ತಿತ್ತು. ಲಾಕ್ ಇಲ್ಲ. ಸೂಜಿ ಜಾರಬಾರದೆಂದು ಅದನ್ನು ಉದ್ದ ಬಿಡುತ್ತಿದ್ದರು, ತುದಿ ಬ್ರೋಚ್‌ನ ಅಂಚಿನಿಂದ ಆಚೆ ಇಣುಕುತ್ತಿತ್ತು. ತಿರುಗಿಸಿ ಲಾಕ್ ಮಾಡುವ ಕೊಂಡಿ 20ನೇ ಶತಮಾನದ ಮಾಮೂಲಿ ವಸ್ತು.

ನಿಮ್ಮ ಕೊಂಡಿಯ ಬುಡದಲ್ಲಿ ಬೂದು ಬಣ್ಣದ ಉಂಡೆ ಕಾಣುತ್ತದೆ. ಅದು ಸೀಸದ ಬೆಸುಗೆ. ಚಿನ್ನದ ಬೆಸುಗೆಗೆ ಬೇಕಾದಷ್ಟು ಶಾಖ ಕೊಟ್ಟರೆ ಹರಳು ಕೆಡುತ್ತದೆಂಬ ಭಯಕ್ಕೋ, ಸೋಮಾರಿತನಕ್ಕೋ ರಿಪೇರಿಯವರು ಹೀಗೆ ಮಾಡುತ್ತಾರೆ. ಬ್ರೋಚ್ ಮಾಡಿದವನು ಹೀಗೆ ಮಾಡುವುದಿಲ್ಲ. ಅದರ ಪಕ್ಕದಲ್ಲೇ ಚಿನ್ನದ ಮೇಲೆ ಚಿಕ್ಕ ಉದ್ದನೆಯ ಕಲೆಯೊಂದಿದೆ. ಮೂಲ ಕೊಕ್ಕೆ ಕೂತಿದ್ದ ಜಾಗ ಅದು. ಇನ್ನೊಂದು ತುದಿಯ ಕೀಲು ಮಾತ್ರ ಬದಲಾಗಿಲ್ಲ: ಮೂರು ಪುಟ್ಟ ಕೊಳವೆ ಸಾಲಾಗಿ ಸೇರಿಸಿ ನಡುವೆ ಕಡ್ಡಿ ತೂರಿಸಿದ್ದು, ಬೆಸುಗೆ ಚಿನ್ನದ್ದೇ. ಅದು ಹಳೆಯ ಕೈಕೆಲಸ.

ಹಾಗಾಗಿ ನನ್ನ ಅಂದಾಜು ಇದು. ಹೂವಿನ ಮೈ, ವಜ್ರದ ಮನೆ, ಕೀಲು: 1854ರಿಂದ ಸುಮಾರು 1900ರ ನಡುವೆ. ಎರಡು ಕೆಂಪು: 1902ರ ನಂತರ. ಕೊಂಡಿ: ಅದಕ್ಕೂ ಈಚಿನದಿರಬಹುದು, ವರ್ಷ ಹೇಳಲು ಆಧಾರವಿಲ್ಲ. ಇದಕ್ಕಿಂತ ಚಿಕ್ಕ ಅವಧಿ ಹೇಳಿದರೆ ಅದು ಊಹೆಯಾಗುತ್ತದೆ.

ಸವೆದ ಅಕ್ಷರಕ್ಕಾಗಿ ಇನ್ನೊಂದು ಪ್ರಯತ್ನ ಮಾಡಿ. ಬ್ರೋಚನ್ನು ಪಾಲಿಶ್‌ಗೆ ಕೊಡಬೇಡಿ, ಉಳಿದಿರುವ ಗೆರೆಯೂ ಅಳಿಸಿಹೋಗುತ್ತದೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ತಗಡಿಗೆ ಹೆಚ್ಚುಕಡಿಮೆ ತಾಗುವಷ್ಟು ಓರೆಯಾಗಿ ಹಿಡಿದು, ನಾಲ್ಕೂ ದಿಕ್ಕಿನಿಂದ ಒಂದೊಂದು ಫೋಟೊ ತೆಗೆಯಿರಿ. ಒಂದು ದಿಕ್ಕಿನಲ್ಲಿ ಕಾಣದ ಅಂಚು ಇನ್ನೊಂದರಲ್ಲಿ ನೆರಳಾಗಿ ಏಳುತ್ತದೆ. ಅಕ್ಷರ ಅರ್ಧ ಸಿಕ್ಕರೂ ಕಳಿಸಿ, ಚೌಕಟ್ಟಿನ ಮೂಲೆಗಳು ಫೋಟೊದಿಂದ ಹೊರಗೆ ಹೋಗದಿರಲಿ.